ಜ್ವರ ಇಳಿದರೂ ಉಸಿರು ಜೋರಾದರೆ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ವೈದ್ಯೆ. ಮೈ ಕಾದರೆ ಮನೆಯವರು ರೋಗಿಯನ್ನು ಬೇಗ ಕರೆತರುತ್ತಾರೆ. ಜ್ವರವಿಲ್ಲದೆ ಮೈ ತಣ್ಣಗಿದ್ದರೆ ನಾಳೆ ನೋಡೋಣ ಅನ್ನುತ್ತಾರೆ. ಸೆಪ್ಸಿಸ್, ಅಂದರೆ ಸೋಂಕಿನ ವಿರುದ್ಧದ ದೇಹದ ಹೋರಾಟ ಹಿಡಿತ ತಪ್ಪಿ ತನ್ನದೇ ಅಂಗಗಳನ್ನು ಕೆಡಿಸುವ ಸ್ಥಿತಿ, ಬಂದವರ ವಿಷಯದಲ್ಲಿ ಆ ಒಂದು ರಾತ್ರಿ ಬಹಳ ದುಬಾರಿ.

ರಾಜಾಜಿನಗರದ ಒಬ್ಬ ಅಜ್ಜಿ. ವಯಸ್ಸು ಅರವತ್ತೈದು, ತೂಕ ಸುಮಾರು 60 ಕೆ.ಜಿ., ಹಳೆಯ ಸಕ್ಕರೆ ಕಾಯಿಲೆ. ಮೂರು ದಿನದಿಂದ ಉರಿಮೂತ್ರ, ಎಡಪಕ್ಕೆಯಲ್ಲಿ ನೋವು. ಮೆಡಿಕಲ್ ಸ್ಟೋರಿನಿಂದ ತಂದ ಮಾತ್ರೆಗೆ ಜ್ವರ ಇಳಿದಿತ್ತು. ನಾಲ್ಕನೇ ದಿನ ಬೆಳಿಗ್ಗೆ ಕಾಫಿ ಮುಟ್ಟಲಿಲ್ಲ, ಸೊಸೆಯನ್ನು ತೀರಿಹೋದ ತಂಗಿಯ ಹೆಸರಿನಿಂದ ಕರೆದರು. ನಿದ್ದೆಗೆಟ್ಟಿದೆ ಅಂದುಕೊಂಡು ಮಲಗಿಸಿದರು. ಮಧ್ಯಾಹ್ನದ ಹೊತ್ತಿಗೆ ಏದುಸಿರು. ಕೈಕಾಲು ತಣ್ಣಗೆ. ಬೆಳಿಗ್ಗೆಯಿಂದ ಮೂತ್ರಕ್ಕೆ ಎದ್ದೇ ಇರಲಿಲ್ಲ.

ಒಳಗೆ ಆಗಿದ್ದೇನು? ಸೋಂಕು ಒಂದು ಕಡೆ ಇದ್ದಾಗ ದೇಹ ಅಲ್ಲಿನ ರಕ್ತನಾಳಗಳನ್ನು ಹಿಗ್ಗಿಸಿ, ರೋಗಾಣುಗಳ ಜೊತೆ ಹೋರಾಡುವ ಬಿಳಿ ರಕ್ತಕಣಗಳನ್ನು ಕಳಿಸುತ್ತದೆ. ಸೆಪ್ಸಿಸ್‌ನಲ್ಲಿ ಈ ಪ್ರತಿಕ್ರಿಯೆ ಹಿಡಿತ ತಪ್ಪಿ, ಅದೇ ರಾಸಾಯನಿಕಗಳು ಮೈತುಂಬಾ ಹರಡುತ್ತವೆ. ಎಲ್ಲ ಕಡೆಯೂ ನಾಳಗಳು ಸಡಿಲವಾಗಿ ಸೋರತೊಡಗುತ್ತವೆ. ನಲ್ಲಿ ನೀರಿನ ಕೊಳವೆ ಅಲ್ಲಲ್ಲಿ ಸೋರಿ ಒತ್ತಡ ಬಿದ್ದಾಗ ಮೇಲಿನ ಮಹಡಿಗೆ ನೀರು ಹತ್ತುವುದಿಲ್ಲವಲ್ಲ, ಹಾಗೆಯೇ ಇಲ್ಲಿ ರಕ್ತದೊತ್ತಡ ಕುಸಿದು ಮಿದುಳಿಗೆ, ಮೂತ್ರಪಿಂಡಕ್ಕೆ ಸಾಕಷ್ಟು ರಕ್ತ ತಲುಪುವುದಿಲ್ಲ. ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದೂ ಉಂಟು. ಅಜ್ಜಿಗೆ ಗುರುತು ತಪ್ಪಿದ್ದು, ಮೂತ್ರ ನಿಂತಿದ್ದು ಇದೇ ಕಾರಣಕ್ಕೆ. ಅಪಾಯ ರೋಗಾಣುವಿನಿಂದ ಎಷ್ಟೋ, ಅದರ ವಿರುದ್ಧ ದೇಹ ಮಾಡುವ ಗದ್ದಲದಿಂದಲೂ ಅಷ್ಟೇ.

ನಮ್ಮಲ್ಲಿಗೆ ಬಂದಾಗ ಅವರ ಬಿಪಿ 88ಕ್ಕೆ 50. ಉಸಿರು ನಿಮಿಷಕ್ಕೆ 28. ಥರ್ಮಾಮೀಟರ್ ಮಾತ್ರ 98 ತೋರಿಸುತ್ತಿತ್ತು. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೀಗಾಗುವುದು ಅಪರೂಪವಲ್ಲ. ಆದ್ದರಿಂದ ನಾವು ಜ್ವರವೊಂದನ್ನೇ ನಂಬುವುದಿಲ್ಲ, ಉಸಿರನ್ನು ಎಣಿಸುತ್ತೇವೆ. ಇದನ್ನು ಮನೆಯಲ್ಲಿ ನೀವೂ ಮಾಡಬಹುದು. ರೋಗಿ ಸುಮ್ಮನೆ ಕೂತಿರುವಾಗ ಗಡಿಯಾರ ನೋಡಿಕೊಂಡು ಒಂದು ಪೂರ್ತಿ ನಿಮಿಷ ಎದೆ ಏರುವುದನ್ನು ಎಣಿಸಿ. ದೊಡ್ಡವರಲ್ಲಿ 22 ಅಥವಾ ಅದಕ್ಕಿಂತ ಹೆಚ್ಚಿದ್ದು, ಸೋಂಕಿನ ಲಕ್ಷಣವೂ ಇದ್ದು, ಮಾತು ಅಡ್ಡಾದಿಡ್ಡಿಯಾಗಿದ್ದರೆ ಬೆಳಗಾಗಲಿ ಅನ್ನಬೇಡಿ, 108ಕ್ಕೆ ಫೋನ್ ಮಾಡಿ. ಮಕ್ಕಳ ಉಸಿರು ಸಹಜವಾಗಿಯೇ ವೇಗ, ಅವರಿಗೆ ಈ ಲೆಕ್ಕ ಹೊಂದದು. ಮಗು ಮಂಕಾಗಿದ್ದು ಹಾಲು ಬಿಟ್ಟರೆ ಅಷ್ಟೇ ತುರ್ತು.

ನಾವು ಮೊದಲು ರಕ್ತ ತೆಗೆದುಕೊಂಡೆವು. ಒಂದು ಭಾಗ ಕಲ್ಚರ್‌ಗೆ, ಇನ್ನೊಂದು ಲ್ಯಾಕ್ಟೇಟ್ ಪರೀಕ್ಷೆಗೆ. ಜೀವಕೋಶಗಳಿಗೆ ಆಮ್ಲಜನಕ ಸಾಲದಾದಾಗ ಲ್ಯಾಕ್ಟೇಟ್ ಏರುತ್ತದೆ. 2ರ ಒಳಗೆ ಇರಬೇಕಾದದ್ದು ಅವರಿಗೆ 4 ದಾಟಿತ್ತು. ಯಾವ ರೋಗಾಣು ಎಂದು ಕಲ್ಚರ್ ಹೇಳಲು ಒಂದೆರಡು ದಿನ ಬೇಕು, ಅಲ್ಲಿವರೆಗೆ ಕಾಯುವ ಹಾಗಿಲ್ಲ. ಬಿಪಿ ಕುಸಿದಿದ್ದರೆ ಗುರುತಿಸಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ರಕ್ತಕ್ಕೆ ಸೇರಬೇಕು. ಬಿಪಿ ಸರಿಯಿದ್ದು, ಇದು ಸೋಂಕೇ ಹೌದೋ ಅಲ್ಲವೋ ಎಂಬ ಅನುಮಾನವಿದ್ದರೆ ಪರೀಕ್ಷಿಸಲು ಮೂರು ಗಂಟೆಯವರೆಗೆ ಅವಕಾಶವಿದೆ. ಸುಮ್ಮನೆ ಎಲ್ಲ ಜ್ವರಕ್ಕೂ ಆಂಟಿಬಯಾಟಿಕ್ ಚುಚ್ಚುವುದು ನನಗಂತೂ ಒಪ್ಪಿಗೆಯಿಲ್ಲ. ಮೊದಲ ಮೂರು ಗಂಟೆಯಲ್ಲಿ ಕೆ.ಜಿ.ಗೆ 30 ಮಿಲಿಲೀಟರ್ ಲೆಕ್ಕದಲ್ಲಿ ಅಜ್ಜಿಗೆ ಒಂದೂಮುಕ್ಕಾಲು ಲೀಟರ್‌ಗಿಂತ ಸ್ವಲ್ಪ ಹೆಚ್ಚು ಡ್ರಿಪ್ ಹೋಯಿತು. ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆಯೇ ಎಂದು ನಡುನಡುವೆ ನೋಡುತ್ತಿದ್ದೆವು. ಆದರೂ ಬಿಪಿ ಏರದಿದ್ದಾಗ ನಾರ್‌ಅಡ್ರೆನಲಿನ್ ಶುರು ಮಾಡಿದೆವು. ಅದು ಸಡಿಲಗೊಂಡ ನಾಳಗಳನ್ನು ಬಿಗಿಮಾಡುತ್ತದೆ.

ಇಷ್ಟಾದರೂ ಕೆಲಸ ಅರ್ಧ ಮಾತ್ರ. ಸ್ಕ್ಯಾನ್‌ನಲ್ಲಿ ಮೂತ್ರನಾಳಕ್ಕೆ ಕಲ್ಲು ಅಡ್ಡ ಕೂತಿತ್ತು, ಅದರ ಹಿಂದೆ ಕೀವು ಕಟ್ಟಿತ್ತು. ಕೀವು ಹೊರಗೆ ಹೋಗದೆ ಔಷಧಿಯೊಂದರಿಂದ ಇಂಥ ಸೋಂಕು ಹತೋಟಿಗೆ ಬರುವುದಿಲ್ಲ. ಆ ರಾತ್ರಿಯೇ ಸ್ಟೆಂಟ್ ಹಾಕಿ ದಾರಿ ಬಿಡಿಸಿದರು. ಬೆಳಗಿನ ಜಾವ ಗಂಟೆಗೆ ನಲವತ್ತು ಮಿಲಿಲೀಟರ್‌ನಂತೆ ಮೂತ್ರ ಬರತೊಡಗಿತು. ಐಸಿಯುನಲ್ಲಿ ನಾವೆಲ್ಲ ಕಣ್ಣಿಟ್ಟಿದ್ದ ಅಂಕಿ ಅದು. ಅಜ್ಜಿ ಮನೆಗೆ ಹೋದರು, ಆದರೆ ನಿತ್ರಾಣವೂ ಮರೆವೂ ಎರಡು ತಿಂಗಳು ಬಿಡಲಿಲ್ಲ. ಸೆಪ್ಸಿಸ್‌ನಿಂದ ಪಾರಾದ ಹಲವರಿಗೆ ಹೀಗಾಗುತ್ತದೆ.

ತುರ್ತು ವಿಭಾಗಕ್ಕೆ ಬಂದಾಗ ಬರೀ ಸುಸ್ತು ಅನ್ನಬೇಡಿ. ಕಡೆಯ ಬಾರಿ ಮೂತ್ರ ಹೋಗಿದ್ದು ಎಷ್ಟು ಹೊತ್ತಿಗೆ, ಮಾತು ಯಾವಾಗಿನಿಂದ ಬದಲಾಗಿದೆ, ಯಾವ ಮಾತ್ರೆ ಕೊಟ್ಟಿರಿ, ಇಷ್ಟನ್ನು ಹೇಳಿ. ಮಾತ್ರೆಯ ಸ್ಟ್ರಿಪ್ಪನ್ನೂ ಜೊತೆಗೆ ತನ್ನಿ. ನಮಸ್ಕಾರ.