ಅತ್ತೆಯನ್ನು ನಾಯಿ ಮಾಡಿದ ಕಥೆ

(ಕೋಲಾರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಸ್ನೇಹಿತರೇ, ನಾನು ಮೊದಲು ಇಂಗ್ಲಿಷಿಗೆ ತಂದ ಕಥೆಯಲ್ಲಿ ಒಬ್ಬ ಸೊಸೆ ಇದ್ದಳು. ಅವಳಿಗೆ ರಾಗಿ ಹಿಟ್ಟನ್ನು ಅಳೆದು ಕೊಡುತ್ತಿದ್ದ ಅತ್ತೆ ಈಗ ಮೂಲೆ ಹಿಡಿದಿದ್ದಾಳೆ. ಉಗ್ರಾಣದ ಬೀಗದ ಕೈ ಸೊಸೆಯ ಸೊಂಟ ಸೇರಿದೆ. ಅವಳು ಹೇಳುತ್ತಾಳೆ: ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.’ ನಾನು ಹಿಂದೆಮುಂದೆ ನೋಡದೆ ‘ಎವೆರಿ ಡಾಗ್ ಹ್ಯಾಸ್ ಇಟ್ಸ್ ಡೇ’ ಎಂದು ಬರೆದೆ. ಮನೆಯಲ್ಲಿ ಓದಿ, ‘ಪ್ರತಿ ನಾಯಿಗೂ ಒಂದು ದಿನ ಬರುತ್ತದೆ’ ಎಂದು ಅರ್ಥವನ್ನೂ ಬಿಡಿಸಿ ಹೇಳಿದೆ. ನಮ್ಮ ತಾಯಿ ಸೊಪ್ಪು ಸೋಸುತ್ತಿದ್ದವರು ತಲೆ ಎತ್ತಿ, ‘ಹಾಗಾದರೆ ಇಷ್ಟು ದಿನ ಈ ಮನೆಯಲ್ಲಿ ನಾಯಿ ನಾನೋ?’ ಎಂದರು. ನನ್ನ ಹೆಂಡತಿ ನಗು ತಡೆಯಲು ಒಳಗೆ ಹೋದಳು. ಅವಳ ಸರದಿಯೂ ಅದರಲ್ಲಿತ್ತು ಎಂಬುದು ಅವಳಿಗೆ ಆಮೇಲೆ ಹೊಳೆಯಿತು!

ನಿಜವಾದ ಪೆಟ್ಟು ಬಿದ್ದದ್ದು ಮುಂದಿನ ಸಾಲಿನಲ್ಲಿ. ಕಥೆಯ ಅತ್ತೆ ಉತ್ತರಿಸುತ್ತಾಳೆ: ‘ಆಗಲಿ ತಾಯಿ, ನಿನಗೂ ಸೊಸೆ ಬರುತ್ತಾಳೆ.’ ನಾಯಿಯ ಗಾದೆಯ ಹಿಂದೆ ಈ ಮಾತು ನಿಲ್ಲುವುದಿಲ್ಲ. ನಾಯಿಗೆ ಒಂದು ದಿನ ಬರುತ್ತದೆ, ಅಷ್ಟೇ. ನಮ್ಮ ಗಾದೆಯಲ್ಲಿ ಒಂದೇ ಮನೆಯ ಅಧಿಕಾರ ಕೈ ಬದಲಾಯಿಸುತ್ತದೆ, ಮತ್ತೆಯೂ ಬದಲಾಗುತ್ತದೆ. ಆದ್ದರಿಂದ ಗಾದೆ ಬಂದಾಗ ನಾನು ಮೊದಲು ನೋಡುವುದು ಅದರ ಮುಂದಿನ ಮಾತನ್ನು. ಗಾದೆಯೊಳಗಿನ ಚಿತ್ರವನ್ನು ಅಲ್ಲಿ ಯಾರಾದರೂ ಎತ್ತಿಕೊಂಡಿದ್ದರೆ ಅದನ್ನು ಬಿಡುವ ಹಾಗಿಲ್ಲ.

ಹಾಗೆಂದು ಪದಕ್ಕೆ ಪದ ಇಟ್ಟರೆ ಇನ್ನೊಂದು ತೊಡಕು. ‘ಮದರ್ ಇನ್ ಲಾ’ ಎಂದರೆ ಗಂಡನ ತಾಯಿಯೂ ಹೌದು, ಹೆಂಡತಿಯ ತಾಯಿಯೂ ಹೌದು. ಇಂಗ್ಲಿಷರ ಹಾಸ್ಯದಲ್ಲಿ ಅಳಿಯನನ್ನು ಕಾಡುವವಳೇ ಹೆಚ್ಚು. ಅಡಿಟಿಪ್ಪಣಿ ಹಾಕಬಹುದಿತ್ತು. ಆದರೆ ಜಗಳ ಕಾವೇರಿದಾಗ ಓದುಗನನ್ನು ಪುಟದ ಬುಡಕ್ಕೆ ಇಳಿಸಿದರೆ ಅವನು ಮೇಲೆ ಬರುವಷ್ಟರಲ್ಲಿ ಜಗಳ ಆರಿರುತ್ತದೆ. ಹಾಗಾಗಿ ಎರಡು ಸಾಲು ಮೊದಲೇ, ನಿರೂಪಣೆಯಲ್ಲಿ, ‘ಗಂಡನ ತಾಯಿ’ ಎಂದು ತಿಳಿಸಿಬಿಟ್ಟೆ. ಗಾದೆಗೆ ‘ಮದರ್ ಇನ್ ಲಾ ಹ್ಯಾಸ್ ಹರ್ ಡೇ, ಡಾಟರ್ ಇನ್ ಲಾ ಹ್ಯಾಸ್ ಹರ್ಸ್’ ಎಂದೆ. ವಾಕ್ಯದ ಕಟ್ಟು ಅವರದು, ಒಳಗಿರುವ ಹೆಂಗಸರು ನಮ್ಮವರು. ‘ಕಾಲ’ ಎಂಬುದು ‘ದಿನ’ಕ್ಕೆ ಕುಗ್ಗಿತು, ಒಪ್ಪುತ್ತೇನೆ.

ಅವರ ಗಾದೆಯನ್ನೇ ಹಾಕುವುದು ಯಾವಾಗ? ಮಾತು ಸವೆದು, ಚಿತ್ರಕ್ಕೆ ಕೆಲಸವೇ ಇಲ್ಲದಿದ್ದಾಗ. ಗುಮಾಸ್ತನೊಬ್ಬ ಕಡತ ಮುಚ್ಚುತ್ತಾ ‘ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ’ ಎಂದರೆ, ಚೆಲ್ಲಿದ ಹಾಲಿಗೆ ಅಳಬಾರದು ಎಂಬ ಅವರ ಗಾದೆ ಸಾಕು. ಆದರೆ ಆಡುವವನು ಕೋಲಾರದ ರೈತನಾದರೆ ಹಾಕಬೇಡಿ. ಬೆಳಗ್ಗೆ ಡೇರಿಗೆ ಹೊರಟ ಹಾಲು ಚೆಲ್ಲಿದರೆ ಇಲ್ಲಿ ಯಾರು ತಾನೇ ಅಳುವುದಿಲ್ಲ?

ಸಮಯ ಮುಗಿಯಿತೆಂದು ಚೀಟಿ ಬಂದಿದೆ. ‘ಕೈ ಕೆಸರಾದರೆ ಬಾಯಿ ಮೊಸರು’ ಬಗ್ಗೆ ನಾಲ್ಕು ಪುಟ ಬರೆದು ತಂದಿದ್ದೆ. ನೇರವಾಗಿ ಅನುವಾದಿಸಿದರೆ ಕೈ ತೊಳೆಯದೆ ಉಂಡವನ ಕಥೆಯಾಗುತ್ತದೆ, ಕೆಸರು–ಮೊಸರಿನ ಪ್ರಾಸವೂ ಹೋಗುತ್ತದೆ. ಉಳಿದದ್ದನ್ನು ಊಟದ ಪಂಕ್ತಿಯಲ್ಲಿ, ಮೊಸರನ್ನ ಬಂದಾಗ ಮಾತಾಡೋಣ.