ಊಹೆಯ ಚೌಕ ಮೊದಲು, ಆಯಸ್ಕಾಂತ ಆಮೇಲೆ

(ಬಾಗಲಕೋಟೆ ಜಿಲ್ಲೆಯ ಪ್ರಾಥಮಿಕ ಶಾಲಾ ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ಮಾಡಿದ ಉಪನ್ಯಾಸ)

ಆತ್ಮೀಯ ಶಿಕ್ಷಕ ಬಂಧುಗಳೆ,

ಇವತ್ತು ನಾನು ಒಂದೇ ಒಂದು ಹಾಳೆಯ ಬಗ್ಗೆ ಮಾತಾಡುತ್ತೇನೆ. ಎರಡನೇ ತರಗತಿಯ ಮಕ್ಕಳಿಗೆ ಆಯಸ್ಕಾಂತ ಕೊಟ್ಟು, ಯಾವುದು ಅಂಟುತ್ತದೆ, ಯಾವುದು ಅಂಟುವುದಿಲ್ಲ ಎಂದು ವಿಂಗಡಿಸಲು ಹೇಳುವ ಹಾಳೆ. ಎಡಗಡೆ ವಸ್ತುವಿನ ಚಿತ್ರ, ನಡುವೆ ‘ನನ್ನ ಊಹೆ’ ಎಂಬ ಚೌಕ, ಬಲಗಡೆ ‘ನಾನು ನೋಡಿದ್ದು’ ಎಂಬ ಚೌಕ. ನಿಮ್ಮಲ್ಲಿ ಬಹಳ ಜನ ಇದನ್ನು ಮಾಡಿಸಿದ್ದೀರಿ.

ನಾವು ಸಾಮಾನ್ಯವಾಗಿ ಆ ಹಾಳೆಯಲ್ಲಿ ಏನೇನು ಹಾಕುತ್ತೇವೆ? ಮೊಳೆ, ಪಿನ್ನು, ಕತ್ತರಿ. ಆಮೇಲೆ ಪೆನ್ಸಿಲ್ಲು, ರಬ್ಬರು, ಕಾಗದ, ಪ್ಲಾಸ್ಟಿಕ್ ಚಮಚ. ಮಕ್ಕಳು ಎಲ್ಲವನ್ನೂ ಸರಿಯಾಗಿ ಊಹಿಸುತ್ತಾರೆ, ನಮಗೂ ಸಂತೋಷವಾಗುತ್ತದೆ. ಆದರೆ ಆ ಮಗು ಊಹಿಸಿದ್ದು ಹೇಗೆ ಎಂದು ಕೇಳಿ ನೋಡಿ: ‘ಮಿಂಚೂದೆಲ್ಲಾ ಹಿಡೀತೈತ್ರಿ’ ಅನ್ನುತ್ತದೆ. ಲೋಹವೆಲ್ಲ ಅಂಟುತ್ತದೆ ಎಂಬ ತಪ್ಪು ತಿಳಿವಳಿಕೆಯೊಂದಿಗೆ ಮಗು ಬಂದಿತ್ತು. ನಮ್ಮ ಹಾಳೆ ಅದನ್ನೇ ಗಟ್ಟಿ ಮಾಡಿ ಕಳಿಸಿತು. ಹಾಗಾಗಿ ನನ್ನ ಮೊದಲ ಒತ್ತಾಯ ವಸ್ತುಗಳ ಆಯ್ಕೆಯ ಮೇಲೆ. ಹಾಳೆಯಲ್ಲಿ ಲೋಹದ ವಸ್ತುಗಳೇ ಹೆಚ್ಚಿರಲಿ, ಅವುಗಳಲ್ಲಿ ಕೆಲವಾದರೂ ಅಂಟದೇ ಇರಲಿ.

ನಾನು ಎಂಟು ವಸ್ತು ಇಡುತ್ತೇನೆ, ನಾಲ್ಕು ನಾಲ್ಕರಂತೆ ಎರಡು ಸುತ್ತು. ಮೊದಲ ಸುತ್ತಿನಲ್ಲಿ ಕಬ್ಬಿಣದ ಮೊಳೆ, ಸೀಮೆಸುಣ್ಣ, ಒಂದು ರೂಪಾಯಿ ನಾಣ್ಯ, ಹಳದಿ ಬಣ್ಣದ ಐದು ರೂಪಾಯಿ ನಾಣ್ಯ. ಎರಡನೇ ಸುತ್ತಿನಲ್ಲಿ ಸಿಪ್ಪೆ ಸುಲಿದ ತಾಮ್ರದ ತಂತಿ, ಬಣ್ಣ ಬಳಿದ ತಗಡಿನ ಕಂಪಾಸ್ ಪೆಟ್ಟಿಗೆ, ಬಿಸಿಯೂಟದ ಸ್ಟೀಲ್ ತಾಟು, ಮತ್ತು ನೇಕಾರರ ಮನೆಯಿಂದ ತಂದ ಒಂದು ಲಾಳಿ.

ಎರಡು ಸುತ್ತು ಯಾಕೆ? ಎಂಟೂ ಊಹೆಗಳನ್ನು ಒಮ್ಮೆಲೇ ಬರೆಸಿದರೆ, ಮೊದಲ ನಾಲ್ಕರಿಂದ ಕಲಿತದ್ದನ್ನು ಮುಂದಿನ ನಾಲ್ಕಕ್ಕೆ ಹಚ್ಚಿ ನೋಡಲು ಮಗುವಿಗೆ ಅವಕಾಶವೇ ಸಿಗುವುದಿಲ್ಲ. ಒಂದೊಂದಾಗಿ ಬರೆಸಿದರೆ ಆಯಸ್ಕಾಂತ ಸದಾ ಕೈಯಲ್ಲೇ ಇರುತ್ತದೆ. ಮಗು ಮೊದಲು ಮುಟ್ಟಿಸಿ ನೋಡಿ, ಆಮೇಲೆ ಊಹೆಯ ಚೌಕ ತುಂಬುತ್ತದೆ. ನಾಲ್ಕು ಊಹೆ ಮುಗಿಯುವತನಕ ಆಯಸ್ಕಾಂತಗಳು ನಿಮ್ಮ ಚೀಲದಲ್ಲೇ ಇರಲಿ. ಹಾಳೆಯ ಬಲಗಡೆಯ ಅಂಕಣವನ್ನು ಹಿಂದಕ್ಕೆ ಮಡಚಿಸಿ ಕೊಡಿ, ಪರೀಕ್ಷೆಯ ಹೊತ್ತಿಗೆ ಬಿಚ್ಚಿಸಿ.

ಚೌಕದೊಳಗೆ ಏನು ಬರೆಸಬೇಕು ಎಂಬುದೂ ಮುಖ್ಯ. ರೈಟು, ತಪ್ಪು ಗುರುತು ಬೇಡ. ಮಗುವಿಗೆ ಆ ಎರಡೂ ನಮ್ಮ ಕೆಂಪು ಪೆನ್ನಿನ ಗುರುತುಗಳು. ‘ಅಂಟುವುದಿಲ್ಲ’ ಎಂದು ತಾನೇ ಹಾಕಿದ ತಪ್ಪಿನ ಗುರುತನ್ನು ನೋಡಿ, ತನ್ನ ಉತ್ತರವೇ ತಪ್ಪಾಯಿತೆಂದು ಅಳಿಸುವ ಮಕ್ಕಳನ್ನು ನೀವೂ ನೋಡಿರಬಹುದು. ಅಂಟುತ್ತದೆ ಎನ್ನಲು ಬಣ್ಣ ತುಂಬಿದ ವೃತ್ತ, ಅಂಟುವುದಿಲ್ಲ ಎನ್ನಲು ಖಾಲಿ ವೃತ್ತ ಸಾಕು. ಊಹೆಯನ್ನು ಬಣ್ಣದ ಕ್ರೆಯಾನ್‌ನಲ್ಲೇ ಹಾಕಿಸಿ, ರಬ್ಬರಿನಿಂದ ಅಳಿಸಲು ಬಾರದಂತಿರಲಿ. ಊಹೆಯ ಚೌಕಕ್ಕೆ ಅಂಕ ಕೊಡಲೇಬಾರದು. ಇಡೀ ತರಗತಿಯ ಹಾಳೆಗಳಲ್ಲಿ ಎರಡೂ ಅಂಕಣ ಒಂದೇ ತರಹ ಬಂದಿದ್ದರೆ, ಊಹೆಯನ್ನು ಆಮೇಲೆ ತುಂಬಿದ್ದಾರೆ ಎಂದೇ ತಿಳಿಯಿರಿ.

ಇನ್ನು ನಾಣ್ಯಗಳು. ಎರಡೂ ದುಡ್ಡು, ಎರಡೂ ಗುಂಡಗೆ, ಎರಡೂ ಲೋಹ. ಬಹಳಷ್ಟು ಮಕ್ಕಳು ಎರಡಕ್ಕೂ ಬಣ್ಣ ತುಂಬುತ್ತಾರೆ. ಒಂದು ರೂಪಾಯಿ ಟಕ್ಕನೆ ಹಿಡಿಯುತ್ತದೆ, ಅದು ಸ್ಟೇನ್‌ಲೆಸ್ ಸ್ಟೀಲಿನದು. ಐದು ರೂಪಾಯಿ ಅಲುಗಾಡುವುದೇ ಇಲ್ಲ. ಅದರಲ್ಲಿ ಹೆಚ್ಚಿನ ಪಾಲು ತಾಮ್ರ, ಜೊತೆಗೆ ಸತು ಮತ್ತು ಒಂದಿಷ್ಟು ನಿಕ್ಕಲ್. ಒಂದು ಎಚ್ಚರಿಕೆ: ಹಳೆಯ ಒಂದು ರೂಪಾಯಿ ನಾಣ್ಯಗಳಲ್ಲಿ ತಾಮ್ರ-ನಿಕ್ಕಲ್ ಮಿಶ್ರಣದವು ಇವೆ, ಅವು ಅಂಟುವುದಿಲ್ಲ. ಐದು ರೂಪಾಯಿಯಲ್ಲೂ ಬೆಳ್ಳಗಿನ ಸ್ಟೀಲ್ ನಾಣ್ಯಗಳು ಬಂದಿದ್ದವು, ಅವು ಅಂಟುತ್ತವೆ. ತರಗತಿಗೆ ಒಯ್ಯುವ ಮುಂಚೆ ಪ್ರತಿ ನಾಣ್ಯವನ್ನೂ ನೀವೇ ಪರೀಕ್ಷಿಸಿ.

ಎರಡನೇ ಸುತ್ತಿನಲ್ಲಿ ನಿಜವಾದ ಚರ್ಚೆ ಏಳುವುದು ತಾಟಿನ ಮೇಲೆ. ಒಂದು ರೂಪಾಯಿ ಸ್ಟೀಲ್, ತಾಟೂ ಸ್ಟೀಲ್, ಹಾಗಾಗಿ ಅಂಟಲೇಬೇಕು ಎಂದು ಜಾಣ ಮಕ್ಕಳು ಊಹಿಸುತ್ತಾರೆ. ಒಳ್ಳೆಯ ಊಹೆಯೇ ಅದು. ಆದರೆ ನಮ್ಮ ಅಡುಗೆಮನೆಯ ಬಹಳಷ್ಟು ಸ್ಟೀಲ್ ಪಾತ್ರೆಗಳ ನಡುಭಾಗಕ್ಕೆ ಆಯಸ್ಕಾಂತ ಹಿಡಿಯುವುದಿಲ್ಲ. ‘ಅಕ್ಕೋರ, ಇದು ಹಿಡಿಯಂಗಿಲ್ರಿ’ ಎಂದು ಒಬ್ಬ ಹುಡುಗ ಹೇಳುವಷ್ಟರಲ್ಲಿ ಪಕ್ಕದವಳು ‘ಅಂಚಿಗೆ ಹಚ್ಚು, ಸ್ವಲ್ಪ ಎಳೀತೈತಿ’ ಅನ್ನುತ್ತಾಳೆ. ಇಬ್ಬರೂ ಹೇಳಿದ್ದು ಸರಿ. ನಾಣ್ಯದ ಸ್ಟೀಲಿನಲ್ಲಿ ಕಬ್ಬಿಣದ ಜೊತೆ ಮುಖ್ಯವಾಗಿ ಕ್ರೋಮಿಯಂ ಇರುತ್ತದೆ. ಇಂಥ ಪಾತ್ರೆಗಳ ಸ್ಟೀಲಿಗೆ ನಿಕ್ಕಲ್ ಅಥವಾ ಮ್ಯಾಂಗನೀಸನ್ನೂ ಸೇರಿಸಿರುತ್ತಾರೆ. ಆಗ ಕಬ್ಬಿಣದ ಪರಮಾಣುಗಳ ಜೋಡಣೆಯೇ ಬದಲಾಗಿ ಆಯಸ್ಕಾಂತದ ಸೆಳೆತ ಹೋಗುತ್ತದೆ. ತಾಟಿನ ಅಂಚನ್ನು ಕಾಯಿಸದೆ ಒತ್ತಿ ಬಗ್ಗಿಸಿದ ಜಾಗದಲ್ಲಿ ಆ ಜೋಡಣೆ ಅಷ್ಟಿಷ್ಟು ಮತ್ತೆ ಬದಲಾಗುತ್ತದೆ, ಅದಕ್ಕೇ ಅಲ್ಲಿ ಸಣ್ಣ ಸೆಳೆತ. ಇದಿಷ್ಟು ನಿಮ್ಮ ತಿಳಿವಳಿಕೆಗೆ. ಮಕ್ಕಳಿಗೆ ‘ಸ್ಟೀಲಿನಲ್ಲಿ ಬೇರೆ ಬೇರೆ ಜಾತಿ ಇವೆ, ಕೆಲವು ಅಂಟುತ್ತವೆ, ಕೆಲವು ಇಲ್ಲ’ ಎಂದರೆ ಸಾಕು. ಆ ತಾಟನ್ನು ಹಾಳೆಯಿಂದ ತೆಗೆಯಬೇಡಿ, ಗೊಂದಲವಾಗುತ್ತದೆ ಎಂದು ಹೆದರಬೇಡಿ.

ಆ ಸಣ್ಣ ಸೆಳೆತ ಕೈಗೆ ತಿಳಿಯದಿದ್ದರೆ ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ಇಳಿಬಿಡಿ, ತಾಟಿನ ಅಂಚನ್ನು ಮೆಲ್ಲಗೆ ಹತ್ತಿರ ತನ್ನಿ. ಆಯಸ್ಕಾಂತ ವಾಲಿದರೆ ಸೆಳೆತ ಇದೆ. ಇದರ ಜೊತೆಗೇ ಇನ್ನೊಂದು ಮಾತನ್ನು ಮೊದಲೇ ನಿಶ್ಚಯ ಮಾಡಿಕೊಳ್ಳಿ. ಯಾರಾದರೂ ರೊಟ್ಟಿ ಬೇಯಿಸುವ ಕಬ್ಬಿಣದ ಹಂಚು ತಂದರೆ, ಆಯಸ್ಕಾಂತ ಅದನ್ನು ಎತ್ತಲಾರದು. ಮಗು ‘ಅಂಟಲಿಲ್ಲ’ ಎಂದು ಬರೆಯುತ್ತದೆ. ಎತ್ತುವುದು ಪರೀಕ್ಷೆಯಲ್ಲ ಎಂದು ಹೇಳಿಕೊಡಿ. ಆಯಸ್ಕಾಂತವನ್ನು ಮುಟ್ಟಿಸಿ ಹಿಂದಕ್ಕೆ ಎಳೆಯುವಾಗ ಅದು ಬಿಡಲು ತಡೆಯುತ್ತದೆಯೇ ಎಂದು ನೋಡುವುದೇ ಪರೀಕ್ಷೆ.

ಲಾಳಿ ನನಗೆ ಬಹಳ ಇಷ್ಟದ ವಸ್ತು. ಇಳಕಲ್ಲು, ಗುಳೇದಗುಡ್ಡದ ಕಡೆಯ ಮಕ್ಕಳಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ಮೈ ಕಟ್ಟಿಗೆ, ಎರಡೂ ತುದಿಗೆ ಲೋಹದ ಮೊನೆ. ನಡುವೆ ಮುಟ್ಟಿಸಿದ ಮಗು ಖಾಲಿ ವೃತ್ತ ಹಾಕುತ್ತದೆ, ಮೊನೆಗೆ ಮುಟ್ಟಿಸಿದ ಮಗು ಬಣ್ಣ ತುಂಬುತ್ತದೆ, ಇಬ್ಬರಿಗೂ ಜಗಳ. ಇಲ್ಲಿ ‘ನಾನು ನೋಡಿದ್ದು’ ಚೌಕವನ್ನು ಸ್ವಲ್ಪ ದೊಡ್ಡದು ಮಾಡಿ, ಲಾಳಿಯ ಚಿತ್ರ ಬರೆಸಿ, ಅಂಟಿದ ಜಾಗಕ್ಕೆ ಮಾತ್ರ ಬಣ್ಣ ಹಚ್ಚಿಸಿ. ಲಾಳಿ ಸಿಗದ ಊರಲ್ಲಿ ಪೆನ್ಸಿಲ್ ಕೆತ್ತುವ ಪ್ಲಾಸ್ಟಿಕ್ ಶಾರ್ಪನರ್ ಇಡಿ: ಅದರಲ್ಲಿ ಬ್ಲೇಡು, ಸ್ಕ್ರೂ ಅಂಟುತ್ತವೆ, ಮೈ ಅಂಟುವುದಿಲ್ಲ. ತರಗತಿ ಒಪ್ಪಿಕೊಂಡಿದ್ದ ‘ಈ ವಸ್ತು ಅಂಟುತ್ತದೆ’ ಎಂಬ ಮಾತು ಆಗ ‘ಈ ವಸ್ತುವಿನಲ್ಲಿ ಕಬ್ಬಿಣ ಇರುವ ಭಾಗ ಅಂಟುತ್ತದೆ’ ಎಂದು ತಾನಾಗಿ ತಿದ್ದಿಕೊಳ್ಳುತ್ತದೆ. ಕಂಪಾಸ್ ಪೆಟ್ಟಿಗೆಯೂ ಇದೇ ದಾರಿಗೆ ತರುತ್ತದೆ, ಬಣ್ಣದ ಮೇಲಿಂದಲೇ ಒಳಗಿನ ತಗಡನ್ನು ಆಯಸ್ಕಾಂತ ಹಿಡಿಯುತ್ತದೆ.

ಹಾಳೆಯ ಕೊನೆಯಲ್ಲಿ ಎರಡು ಸಾಲು ಖಾಲಿ ಬಿಡಿ. ಮಗು ಮನೆಯಲ್ಲಿ ಎರಡು ವಸ್ತು ಹುಡುಕಿ, ಚಿತ್ರ ಬರೆದು, ಊಹೆಯ ಚೌಕವನ್ನಷ್ಟೇ ತುಂಬಿಕೊಂಡು ವಸ್ತುಗಳ ಸಮೇತ ಬರಲಿ. ಪರೀಕ್ಷೆ ಮರುದಿನ ಶಾಲೆಯಲ್ಲಿ. ಆಯಸ್ಕಾಂತವನ್ನು ಮಾತ್ರ ಮನೆಗೆ ಕಳಿಸಬೇಡಿ. ಗುಂಡಿಯಷ್ಟು ಚಿಕ್ಕದಿರುವ ಬೆಳ್ಳಿಬಣ್ಣದ ಆಯಸ್ಕಾಂತಗಳು ಬಹಳ ಬಲವಾದವು; ಎರಡನ್ನು ಮಗು ನುಂಗಿದರೆ ಕರುಳಿನ ಗೋಡೆಗಳನ್ನು ನಡುವೆ ಹಿಡಿದು ಒಂದಕ್ಕೊಂದು ಅಂಟಿಕೊಂಡು ತೂತು ಮಾಡುತ್ತವೆ, ಪ್ರಾಣಕ್ಕೇ ಅಪಾಯ. ನುಂಗಿದ ಅನುಮಾನ ಬಂದರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ತರಗತಿಗೆ ಹಳೆಯ ಸ್ಪೀಕರಿನಿಂದ ತೆಗೆದ ದೊಡ್ಡ ಕಪ್ಪು ಬಳೆ ಆಯಸ್ಕಾಂತ, ಇಲ್ಲವೇ ವಿಜ್ಞಾನ ಪೆಟ್ಟಿಗೆಯ ಪಟ್ಟಿ ಆಯಸ್ಕಾಂತ ತೆಗೆದುಕೊಳ್ಳಿ. ಒಡೆದು ಚೂರಾದದ್ದನ್ನು ಬಳಸಬೇಡಿ, ಮಕ್ಕಳಿಗೆ ಎಣಿಸಿ ಕೊಡಿ, ಗಂಟೆ ಹೊಡೆಯುವ ಮುಂಚೆ ಎಣಿಸಿ ವಾಪಸ್ ತೆಗೆದುಕೊಳ್ಳಿ.