ಗಡಿಯಾರ ಹೇಳಿದ್ದೇ ಬೇರೆ

ಈ ವಿಡಿಯೊದ ಸೌಂಡ್ ಸ್ವಲ್ಪ ಒಡೆದಿದೆ, ಗೊತ್ತು. ಬೆವರಿನಲ್ಲಿ ಮೈಕ್ ಜಾರುತ್ತಿತ್ತು. ವಾಚು ರಿಪೇರಿ ಮಾಡುವ ತಾತ ಫ್ಯಾನ್ ಹಾಕಲು ಬಿಡಲೇ ಇಲ್ಲ. ಕಿಟಕಿಯೂ ಮುಚ್ಚಿತ್ತು, ಟೇಬಲ್ ಲ್ಯಾಂಪ್ ನೇರ ನನ್ನ ಮುಖಕ್ಕೆ. ಒಂದು ವಾಚಿಗೆ ಇಷ್ಟೆಲ್ಲ ಯಾಕೆ ಅಂತ ನನಗೆ ಕಿರಿಕಿರಿ. ಕೇಳಿದ್ದಕ್ಕೆ, "ಮುಳ್ಳಿನ ಮೇಲಿನ ಬಣ್ಣ ಪುಡಿ ಉದುರ್ತಿದೆ, ರೇಡಿಯಂ, ವಿಕಿರಣ ಸೂಸೋ ವಸ್ತು. ಮೂಗಿಗೆ ಹೋಗೋದು ಬೇಡ" ಎಂದರು. ಆಮೇಲೆ ನಾನು ಸುಮ್ನೆ ಬೆವರಿದೆ.

ಗಡಿಯಾರ ತಂದವರು ಅಲ್ಲಿ ನೀಲಿ ಶರ್ಟಿನಲ್ಲಿದ್ದಾರೆ. ತೀರಿಹೋದ ಅಪ್ಪನದಂತೆ. ಕೊನೆಯವರೆಗೂ ಕೈಯಿಂದ ತೆಗೆದಿರಲಿಲ್ಲವಂತೆ. ಈಗ ಕತ್ತಲಲ್ಲಿ ಹೊಳೆಯುವುದಿಲ್ಲ, ಹೊಸ ಬಣ್ಣ ಹಾಕಿಕೊಡಿ ಅಂತ ಬಂದಿದ್ದರು.

ಹೊಳೆಯದಿದ್ದರೆ ರೇಡಿಯಂ ಸತ್ತಿದೆ ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಅದರ ಜೊತೆ ಬೆರೆಸಿದ್ದ ಸತುವಿನ ಸಲ್ಫೈಡ್ ಸವೆದುಹೋಗುತ್ತದೆ, ಬೆಳಗುತ್ತಿದ್ದುದು ಅದೇ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. 1960ರ ದಶಕದಲ್ಲಿ ಕಂಪನಿಗಳು ಅದನ್ನು ಬಿಟ್ಟು ಅದಕ್ಕಿಂತ ಸೌಮ್ಯ ವಿಕಿರಣದ ಟ್ರಿಟಿಯಂ ಕಡೆ ಹೋದವು. ಅಂದರೆ ಇದು ಸಾಕಷ್ಟು ಹಳೆಯದು.

ಇಲ್ಲಿ ಜೂಮ್ ಮಾಡಿದ್ದೇನೆ. ಮುಳ್ಳುಗಳನ್ನು ಪಕ್ಕಕ್ಕೆ ತಿರುಗಿಸಿದ ಮೇಲೆ ಡಯಲ್ ಮೇಲೆ ಉಳಿದ ಕಂದು ನೆರಳು ಕಾಣ್ತಿದೆ ಅಲ್ವಾ? ಒಂದು ಉದ್ದ, ಒಂದು ಗಿಡ್ಡ. ಏಳು ಇಪ್ಪತ್ತು. ಮುಳ್ಳು ಒಂದೇ ಜಾಗದಲ್ಲಿ ವರ್ಷಗಟ್ಟಲೆ ನಿಂತರೆ ರೇಡಿಯಂ ಕೆಳಗಿನ ಡಯಲನ್ನು ಹೀಗೆ ಸುಡುತ್ತದೆ. ದಿನಾ ಓಡುವ ಗಡಿಯಾರದಲ್ಲಿ ಇಂಥ ಗುರುತು ಬೀಳುವುದಿಲ್ಲ.

ಹಿಂದಿನ ಮುಚ್ಚಳದ ಒಳಗೆ ಯಾರೋ ರಿಪೇರಿಯವರು ಗೀಚಿದ ಗುರುತು: 8-74, ಅಂದರೆ 1974ರ ಆಗಸ್ಟ್. ಆಮೇಲೆ ಏನೂ ಇಲ್ಲ. "ಎಲ್ಲರೂ ಗೀಚಲ್ಲ, ಅದನ್ನ ನಂಬಬೇಡಿ, ನೆರಳನ್ನ ನಂಬಿ" ಎಂದರು ತಾತ.

ನನಗೆ ಅನಿಸಿದ್ದು, ಈತ ಹಳೇ ವಾಚು ಕೊಂಡು ಕಥೆ ಕಟ್ಟುತ್ತಿದ್ದಾರೆ. ಕ್ಯಾಮೆರಾ ಇದ್ದರೆ ಜನ ಕಟ್ಟುತ್ತಾರೆ. ನನ್ನ ಹಿಂದಿನ ವಿಡಿಯೊದಲ್ಲೂ ಒಬ್ಬರು... ಬಿಡಿ, ಶಾಟ್ ಮುಗಿಯುತ್ತಿದೆ.

"ಹಾಗಾದ್ರೆ ಇದು ಅಪ್ಪಂದಲ್ವಾ?"

"ನಿಮ್ಮಪ್ಪಂದಲ್ಲ ಅಂತ ಎಲ್ಲಿ ಹೇಳಿದೆ? ಬಹಳ ವರ್ಷ ಓಡಿಲ್ಲ ಅಂದೆ. ಅವರು ಕೈಗೆ ಕಟ್ತಿದ್ದಿದ್ದು ಹೇಗಿತ್ತು, ನೆನಪು ಮಾಡ್ಕೊಳ್ಳಿ."

ಅವರು ಸ್ವಲ್ಪ ಹೊತ್ತು ಯೋಚಿಸಿದರು. ಬೆಳಿಗ್ಗೆ ಕ್ಯಾಲೆಂಡರ್ ಹಾಳೆ ಹರಿಯುವ ಮುಂಚೆ ಅಪ್ಪ ವಾಚು ನೋಡಿ ತಾರೀಖು ಹೇಳುತ್ತಿದ್ದರಂತೆ.

ಈ ಡಯಲಿನಲ್ಲಿ ತಾರೀಖಿನ ಕಿಂಡಿಯೇ ಇಲ್ಲ.

"ಅಪ್ಪನ ಬೀರುವಿನಲ್ಲೇ ಸಿಕ್ಕಿದ್ದು" ಅಂತ ಮೆಲ್ಲಗೆ ಹೇಳಿದರು. ಇಲ್ಲ, ಇವರು ಕಥೆ ಕಟ್ಟಿದವರಲ್ಲ, ನನ್ನ ಮಾತು ವಾಪಸ್. ಅಪ್ಪ ಬೇರೆ ವಾಚು ಕಟ್ಟುತ್ತಿದ್ದರು, ಇದನ್ನು ಎತ್ತಿಟ್ಟಿದ್ದರು. ಯಾರದೆಂದು ಅಮ್ಮನನ್ನೇ ಕೇಳಬೇಕು ಎಂದು ಫೋನ್ ಹಿಡಿದು ಹೊರಗೆ ಹೋದರು.

ತಾತ ಹೊಸ ಬಣ್ಣ ಹಾಕುವುದಿಲ್ಲ ಅಂದುಬಿಟ್ಟರು. ಹಳೆಯದನ್ನು ಕೆರೆದರೆ ಪುಡಿ ಹಾರುತ್ತದೆ. ಒಣಗಿ ಅಂಟಾದ ಎಣ್ಣೆ ತೊಳೆದು ಮಿಷಿನ್ ಓಡಿಸಿಕೊಡುತ್ತಾರೆ, ಡಯಲ್ ಮುಟ್ಟುವುದಿಲ್ಲ. ಅಮ್ಮ ಏನೆಂದರೋ ಕೇಳುವಷ್ಟರಲ್ಲಿ ನನ್ನ ಬ್ಯಾಟರಿ ಹೋಯಿತು.